ಬಿಲ್‌ಗಳ ಕಟ್ಟಿನಿಂದ ಪುಸ್ತಕ ಮೌಲ್ಯದವರೆಗೆ: ಅಂಗಡಿ ಉಪಕರಣಗಳ ಸವಕಳಿ ಲೆಕ್ಕ ಹಾಕಿದ ಬಗೆ

ಅಕ್ಕನ ಅಂಗಡಿಯ ಲೆಕ್ಕಪುಸ್ತಕದಲ್ಲಿ ಉಪಕರಣಗಳಿಗೆ ಇದ್ದದ್ದು ಎರಡೇ ಸಾಲು. ಇದುವರೆಗೆ ಕೊಂಡದ್ದರ ಒಟ್ಟು ಬೆಲೆ 2,38,800. ಇದುವರೆಗೆ ಕಳೆದ ಸವಕಳಿ, ಅಂದರೆ ವಸ್ತುಗಳು ಬಳಕೆಯಲ್ಲಿ ಸವೆದಂತೆ ಅವುಗಳ ಬೆಲೆಯಲ್ಲಿ ಖರ್ಚು ಅಂತ ಬರೆದ ಭಾಗ, 79,425. ಎರಡೂ 2023ರ ಡಿಸೆಂಬರ್ 31ರ ಅಂಕಿಗಳು. ಯಾವ ವಸ್ತುವಿನ ಪಾಲು ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ. ವರ್ಷ ವರ್ಷ ಒಟ್ಟು ಮೊತ್ತ ಮಾತ್ರ ಮುಂದಕ್ಕೆ ಬಂದಿತ್ತು. (ಮೊತ್ತಗಳನ್ನು ಬರೀ ಸಂಖ್ಯೆಯಲ್ಲೇ ಕೊಡುತ್ತೇನೆ. ಯಾವ ಹಣವಾದರೂ ಲೆಕ್ಕ ಒಂದೇ.)

ಏನೂ ಬದಲಾಗದಿದ್ದರೆ ಇಷ್ಟರಲ್ಲೇ ಹೇಗೋ ಸಾಗುತ್ತದೆ. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಅಕ್ಕ ಹಳೆ ಫ್ರೀಜರ್ ಕೊಟ್ಟು ಹೊಸದು ತಂದಳು. ಹಳೆಯದನ್ನು ಪುಸ್ತಕದಿಂದ ತೆಗೆಯಬೇಕು ಅಂದರೆ ಅದರ ಬೆಲೆ ಗೊತ್ತಿರಬೇಕು, ಅದರ ಮೇಲೆ ಎಷ್ಟು ಸವಕಳಿ ಕಳೆದಿದೆ ಅಂತಲೂ ಗೊತ್ತಿರಬೇಕು. ಒಟ್ಟು ಮೊತ್ತದಿಂದ ಅದನ್ನು ಹೊರಗೆ ತೆಗೆಯಲು ಬರುವುದಿಲ್ಲ. ಹಾಗಾಗಿ ಈ ಸಲ ವರ್ಷದ ಲೆಕ್ಕ ಮುಗಿಸುವ ಮುಂಚೆ ಖರೀದಿ ಬಿಲ್‌ಗಳನ್ನೆಲ್ಲ ತೆಗೆದು, ಒಂದೊಂದು ವಸ್ತುವಿಗೂ ಒಂದೊಂದು ಸಾಲಿನ ರಿಜಿಸ್ಟರ್ ಮಾಡಲು ಕೂತೆ.

ಗುಣಾಕಾರ ಭಾಗಾಕಾರ ಇದರಲ್ಲಿ ಕಷ್ಟದ ಭಾಗವೇ ಅಲ್ಲ. ಬೆಲೆಯಿಂದ ಉಳಿಕೆ ಬೆಲೆಯನ್ನು, ಅಂದರೆ ಬಳಸಿ ಮುಗಿದ ಮೇಲೆ ಮಾರಿದರೆ ಸಿಗಬಹುದಾದ ಹಣವನ್ನು ಕಳೆದು, ಬಾಳಿಕೆಯ ತಿಂಗಳುಗಳಿಂದ ಭಾಗಿಸಿದರೆ ತಿಂಗಳ ಸವಕಳಿ ಬಂತು. ಯೋಚನೆ ಬೇಕಾಗುವುದು ಆ ಲೆಕ್ಕದ ಒಳಗೆ ಹಾಕುವ ಅಂಕಿಗಳಿಗೆ. ಯಾವ ಮೊತ್ತವನ್ನು ಬೆಲೆ ಅನ್ನಬೇಕು, ಯಾವ ತಾರೀಕಿನಿಂದ ಶುರು ಮಾಡಬೇಕು, ಎಷ್ಟು ವರ್ಷ ಬಾಳುತ್ತದೆ ಅಂತ ಹಿಡಿಯಬೇಕು. ಮೊದಲೆರಡಕ್ಕೆ ಬಿಲ್‌ನಲ್ಲಿ ಸುಳಿವು ಇರುತ್ತದೆ. ಮೂರನೆಯದಕ್ಕೆ ಅದೂ ಇಲ್ಲ.

ಡಿಸ್‌ಪ್ಲೇ ಫ್ರಿಜ್‌ನ ಬಿಲ್

ಮೊದಲು ಕೈಗೆ ಬಂದದ್ದು ಗಾಜಿನ ಬಾಗಿಲಿನ ಡಿಸ್‌ಪ್ಲೇ ಫ್ರಿಜ್‌ನ ಬಿಲ್. ತಾರೀಕು 2022ರ ಮಾರ್ಚ್ 18. ಅದರಲ್ಲಿ ಫ್ರಿಜ್‌ನ ಬೆಲೆ 90,000, ರಿಯಾಯಿತಿ 6,000, ಸಾಗಣೆ 2,000, ಜೋಡಣೆ ಮತ್ತು ಪ್ರತ್ಯೇಕ ವೈರಿಂಗ್ 4,000, ಒಂದು ವರ್ಷದ ನಿರ್ವಹಣೆ ಒಪ್ಪಂದ 4,000, ಸ್ವಚ್ಛ ಮಾಡುವ ದ್ರವ ಮತ್ತಿತರ ಸಾಮಾನು 800. ಕೆಳಗೆ ಒಟ್ಟು 94,800. ತೆರಿಗೆ ಬೇರೆ.

ಇದರಲ್ಲಿ ಫ್ರಿಜ್‌ನ ಮೂಲ ಬೆಲೆಗೆ ಸೇರುವುದು ಯಾವುದು? ನಾನು ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿಕೊಂಡೆ. ಈ ಖರ್ಚು ಇಲ್ಲದಿದ್ದರೆ ಫ್ರಿಜ್ ಈ ಜಾಗದಲ್ಲಿ ಕೆಲಸಕ್ಕೆ ಸಿದ್ಧವಾಗುತ್ತಿತ್ತಾ? ಸಾಗಣೆ ಇಲ್ಲದೆ ಅಂಗಡಿಗೆ ಬರುತ್ತಿರಲಿಲ್ಲ. ವೈರಿಂಗ್ ಇಲ್ಲದೆ ಓಡುತ್ತಿರಲಿಲ್ಲ. ಎರಡೂ ಸೇರುತ್ತವೆ. ರಿಯಾಯಿತಿಯನ್ನು ಕಳೆಯಬೇಕು. ನಿರ್ವಹಣೆ ಒಪ್ಪಂದ ಹಾಗಲ್ಲ. ಫ್ರಿಜ್ ಸಿದ್ಧವಾದ ಮೇಲೆ ಅದನ್ನು ಸರಿಯಾಗಿ ಇಟ್ಟುಕೊಳ್ಳುವ ಖರ್ಚು ಅದು. ಒಪ್ಪಂದ ನಡೆದ ಒಂದು ವರ್ಷದಲ್ಲಿ ಮುಗಿದು ಹೋಗುತ್ತದೆ. ಸ್ವಚ್ಛತೆಯ ದ್ರವವಂತೂ ಆ ತಿಂಗಳ ಖರ್ಚೇ. ಹಾಗಾಗಿ ಮೂಲ ಬೆಲೆ 84,000 ಕೂಡಿಸು 2,000 ಕೂಡಿಸು 4,000, ಒಟ್ಟು 90,000. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಎಸ್ 16 ಹೇಳುವುದೂ ಇದನ್ನೇ. ವಸ್ತುವನ್ನು ಅದರ ಜಾಗಕ್ಕೆ, ಕೆಲಸ ಮಾಡುವ ಸ್ಥಿತಿಗೆ ತರಲು ನೇರವಾಗಿ ಬೇಕಾದ ಖರ್ಚು ಬೆಲೆಗೆ ಸೇರುತ್ತದೆ. ಸಿಬ್ಬಂದಿಗೆ ಅದನ್ನು ಬಳಸಲು ಕಲಿಸಿದ ಖರ್ಚು ಸೇರುವುದಿಲ್ಲ.

ತೆರಿಗೆಗೆ ಒಂದೇ ಕಟ್ಟಳೆ. ಖರೀದಿ ಮೇಲೆ ಕಟ್ಟಿದ ತೆರಿಗೆ ಅಂಗಡಿಗೆ ವಾಪಸ್ ಸಿಗುವುದಾದರೆ ಅಥವಾ ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಲು ಬರುವುದಾದರೆ ಅದು ಬೆಲೆಗೆ ಸೇರದು. ವಾಪಸ್ ಸಿಗದಿದ್ದರೆ ಸೇರುತ್ತದೆ. ನಮಗೆ ಸಿಗುತ್ತದೆ, ಹಾಗಾಗಿ ಬಿಟ್ಟೆ. ಕಂತಿನಲ್ಲಿ ಕೊಂಡರೆ ಬಡ್ಡಿಯೂ ಹೀಗೆಯೇ, ಅದು ಸಾಲದ ಖರ್ಚು. ನಗದಿಗೆ ಎಷ್ಟು ಅಂತಿತ್ತೋ ಅದೇ ಬೆಲೆ.

ಇನ್ನು ತಾರೀಕು. ಬಿಲ್ ಮಾರ್ಚ್ ತಿಂಗಳದ್ದು. ಆದರೆ ವೈರಿಂಗ್ ಮುಗಿದು ಫ್ರಿಜ್ ಓಡಿದ್ದು ಏಪ್ರಿಲ್ 20ಕ್ಕೆ. ಜೋಡಿಸಿದವರು ಬಿಟ್ಟುಹೋದ ಕೆಲಸದ ಚೀಟಿಯಲ್ಲಿ ಆ ದಿನ ಇತ್ತು. ಸವಕಳಿ ಶುರುವಾಗುವುದು ವಸ್ತು ಬಳಕೆಗೆ ಸಿದ್ಧವಾದ ದಿನದಿಂದ. ಬಿಲ್ ಆದ ದಿನ, ಹಣ ಕೊಟ್ಟ ದಿನ ಇದಕ್ಕೆ ಲೆಕ್ಕವಿಲ್ಲ. ದಿನದ ಲೆಕ್ಕ ಬೇಡ ಅಂತ ಒಂದು ಪದ್ಧತಿ ಇಟ್ಟುಕೊಂಡೆ. ಸಿದ್ಧವಾದ ತಿಂಗಳನ್ನು ಪೂರ್ತಿ ಎಣಿಸುವುದು, ಕೈಬಿಟ್ಟ ತಿಂಗಳನ್ನು ಎಣಿಸದೇ ಇರುವುದು. ಇನ್ನೊಬ್ಬರು ಬೇರೆ ಪದ್ಧತಿ ಹಿಡಿಯಬಹುದು, ತಪ್ಪೇನಿಲ್ಲ. ಎಲ್ಲ ವಸ್ತುಗಳಿಗೂ, ಎಲ್ಲ ವರ್ಷವೂ ಅದೇ ಇರಬೇಕು, ಅಷ್ಟೆ.

ಎಷ್ಟು ವರ್ಷ ಬರುತ್ತೆ?

ಇದನ್ನು ಅಕ್ಕನನ್ನೇ ಕೇಳಿದೆ.

"ಚೆನ್ನಾಗಿ ನೋಡ್ಕೊಂಡ್ರೆ ಹನ್ನೆರಡು ವರ್ಷ ಬರುತ್ತೆ ಕಣೋ. ಗಟ್ಟಿ ಕಂಪನಿ ಅದು," ಅಂದಳು.

"ಓಡೋದು ಹನ್ನೆರಡು ವರ್ಷ ಇರಬಹುದು ಅಕ್ಕ. ನೀನು ಅಷ್ಟು ವರ್ಷ ಅದನ್ನೇ ಅಂಗಡಿ ಮುಂದೆ ಇಟ್ಕೊಳ್ತೀಯಾ?"

ಅವಳು ಸ್ವಲ್ಪ ಯೋಚಿಸಿದಳು. ಬಾಗಿಲಿನ ರಬ್ಬರ್ ಸಡಿಲವಾಗುತ್ತದೆ, ಕರೆಂಟು ಜಾಸ್ತಿ ಎಳೆಯುತ್ತದೆ, ಗಾಜು ಮಂಕಾಗುತ್ತದೆ. ಅದಕ್ಕೆ ಮುಂಚೆಯೇ ಬದಲಾಯಿಸುತ್ತೇನೆ ಅಂದಳು. ರಿಪೇರಿಗೆ ಬರುವ ಮೆಕ್ಯಾನಿಕ್ ಹೇಳಿದ್ದೂ ಅದೇ. ದಿನವಿಡೀ ಬಾಗಿಲು ತೆಗೆದು ಹಾಕುವ ಅಂಗಡಿಯಲ್ಲಿ ಕಂಪ್ರೆಸರ್ ಮನೆಯಲ್ಲಿ ಬಂದಷ್ಟು ವರ್ಷ ಬರುವುದಿಲ್ಲ. ಹೀಗೆ 8 ವರ್ಷ, ಅಂದರೆ 96 ತಿಂಗಳು ಅಂತ ನಿಂತೆವು. ಅಷ್ಟಾದ ಮೇಲೆ ಹಳೆ ಸಾಮಾನು ಕೊಳ್ಳುವವರು 6,000 ಕೊಡಬಹುದು ಅಂತ ಅಂದಾಜು. ಅದು ಉಳಿಕೆ ಬೆಲೆ.

ಬಾಳಿಕೆ ಅಂದರೆ ವಸ್ತು ಹಾಳಾಗುವವರೆಗಿನ ಕಾಲವಲ್ಲ, ಈ ಅಂಗಡಿ ಅದನ್ನು ಬಳಸುವ ಕಾಲ. ಗ್ಯಾರಂಟಿ ಅವಧಿಯನ್ನೇ ಬಾಳಿಕೆ ಅಂತ ಹಿಡಿದಿದ್ದನ್ನೂ ನೋಡಿದ್ದೇನೆ. ಅದು ಮಾರುವವನು ಹೊಣೆ ಹೊರುವ ಅವಧಿ, ಸಾಮಾನ್ಯವಾಗಿ ಬಾಳಿಕೆಗಿಂತ ಬಹಳ ಕಡಿಮೆ. ಗೋಡೆಗೆ ಕೂರಿಸಿದ, ಬಿಚ್ಚಿಕೊಂಡು ಹೋಗಲಾಗದ ಸಾಮಾನಾದರೆ ಬಾಡಿಗೆ ಕರಾರು ಎಷ್ಟು ವರ್ಷಕ್ಕಿದೆ ಅಂತಲೂ ನೋಡಬೇಕು. ಸರ್ಕಾರದ ತೆರಿಗೆ ನಿಯಮಗಳಲ್ಲಿ ಸವಕಳಿಗೆ ಬೇರೆಯೇ ದರ ಇರಬಹುದು. ಅದು ತೆರಿಗೆ ಲೆಕ್ಕಕ್ಕೆ. ಅಂಗಡಿಯ ಪುಸ್ತಕ ನಿಜವಾದ ಬಳಕೆಯನ್ನು ತೋರಿಸಬೇಕು ಅಂತಿದ್ದರೆ ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಇಡುವುದೇ ಸರಿ.

ಅಂದಾಜಿನ ಭಾರ ಎಷ್ಟು ಅಂತ ತಿಳಿಯಲು ಎರಡೂ ಹಾಕಿ ನೋಡಿದೆ. ಮೂಲ ಬೆಲೆ 90,000ದಲ್ಲಿ ಉಳಿಕೆ ಬೆಲೆ 6,000 ಕಳೆದರೆ 84,000. ಅದನ್ನು 96ರಿಂದ ಭಾಗಿಸಿದರೆ ತಿಂಗಳಿಗೆ 875, ವರ್ಷಕ್ಕೆ 10,500. ಅಕ್ಕ ಮೊದಲು ಹೇಳಿದ 12 ವರ್ಷ ಹಿಡಿದಿದ್ದರೆ ವರ್ಷಕ್ಕೆ 7,000. ಒಂದೇ ಫ್ರಿಜ್, ಒಂದೇ ಬಿಲ್. ಆದರೂ ಪ್ರತಿ ವರ್ಷದ ಲಾಭದಲ್ಲಿ 3,500 ವ್ಯತ್ಯಾಸ. ಅದಕ್ಕೇ ರಿಜಿಸ್ಟರ್‌ನಲ್ಲಿ "ಕಾರಣ" ಅಂತ ಒಂದು ಅಂಕಣ ಇಟ್ಟು, ಯಾಕೆ 8 ವರ್ಷ ಅಂತ ಒಂದು ಸಾಲು ಬರೆದೆ. ಮುಂದಿನ ವರ್ಷ ನೋಡುವವರಿಗೆ ಅದು ಇಲ್ಲದಿದ್ದರೆ 8 ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ.

ಏಪ್ರಿಲ್ 2022ರಿಂದ ಡಿಸೆಂಬರ್ 2024ರವರೆಗೆ 33 ತಿಂಗಳು. 33 ಗುಣಿಸು 875, ಅಂದರೆ 28,875. ಮೂಲ ಬೆಲೆ 90,000ದಲ್ಲಿ ಅದನ್ನು ಕಳೆದರೆ ಪುಸ್ತಕ ಮೌಲ್ಯ 61,125. ಇಲ್ಲಿ ಉಳಿಕೆ ಬೆಲೆಯನ್ನು ಇನ್ನೊಂದು ಸಲ ಕಳೆಯಬಾರದು. ಅದರ ಕೆಲಸ ತಿಂಗಳ ಸವಕಳಿ ಹಾಕುವಾಗಲೇ ಮುಗಿಯಿತು.

"ಅಂದ್ರೆ ಈಗ ಮಾರಿದ್ರೆ ಅರವತ್ತೊಂದು ಸಾವಿರ ಬರುತ್ತಾ?" ಅಂತ ಅಕ್ಕ ಕೇಳಿದಳು. ಬರುವುದಿಲ್ಲ. ಕೊಟ್ಟ ಹಣದಲ್ಲಿ ಇನ್ನೂ ಖರ್ಚು ಅಂತ ಬರೆಯದೆ ಉಳಿದ ಭಾಗ ಅದು. ಮಾರುಕಟ್ಟೆಯ ಬೆಲೆ ಅದಕ್ಕಿಂತ ಕಡಿಮೆಯೂ ಇರಬಹುದು, ಕೆಲವೊಮ್ಮೆ ಜಾಸ್ತಿಯೂ ಇರಬಹುದು.

ಸ್ಪ್ರೆಡ್‌ಶೀಟ್ ಹಾಳೆಯಲ್ಲಿ ಇದಕ್ಕೆ ಬೇಕಾದದ್ದು ಎರಡು ಸೂತ್ರ. C ಅಂಕಣದಲ್ಲಿ ಮೂಲ ಬೆಲೆ, D ಉಳಿಕೆ ಬೆಲೆ, E ಸಿದ್ಧವಾದ ತಿಂಗಳ ಮೊದಲ ದಿನ, F ಬಾಳಿಕೆಯ ತಿಂಗಳು. K1ರಲ್ಲಿ ವರ್ಷದ ಕೊನೆಯ ದಿನ. G2ರಲ್ಲಿ ಇದುವರೆಗೆ ಕಳೆದ ತಿಂಗಳುಗಳ ಸಂಖ್ಯೆ, H2ರಲ್ಲಿ ಇದುವರೆಗಿನ ಸವಕಳಿ.

```
G2: =MIN(F2, DATEDIF(E2, $K$1+1, "m"))
H2: =(C2-D2)/F2*G2
```

K1ಕ್ಕೆ ಒಂದು ದಿನ ಕೂಡಿಸದಿದ್ದರೆ ಡಿಸೆಂಬರ್ ಬಿಟ್ಟುಹೋಗಿ 33ರ ಬದಲು 32 ಬರುತ್ತದೆ. ಇನ್ನು MIN ಇಲ್ಲದಿದ್ದರೆ ಬಾಳಿಕೆ ಮುಗಿದ ಮೇಲೂ ಸವಕಳಿ ಓಡುತ್ತಲೇ ಇದ್ದು, ಪುಸ್ತಕ ಮೌಲ್ಯ ಉಳಿಕೆ ಬೆಲೆಗಿಂತ ಕೆಳಗೆ ಇಳಿಯುತ್ತದೆ, ಕೊನೆಗೆ ಸೊನ್ನೆಗಿಂತಲೂ ಕೆಳಗೆ. ಅಂಥ ಅಂಕಿ ಕಂಡರೆ ಮೊದಲು ಇದನ್ನೇ ನೋಡಬೇಕು.

ಹಳೆ ಪುಸ್ತಕದ ಜೊತೆ ತಾಳೆ

ಉಳಿದ ಬಿಲ್‌ಗಳನ್ನೂ ಹೀಗೇ ಬರೆದು 2023ರ ಕೊನೆಗೆ ಕೂಡಿಸಿದೆ. ಫ್ರಿಜ್ 90,000, ಹಳೆ ಫ್ರೀಜರ್ 36,000, ಬಿಲ್ಲಿಂಗ್ ಸಾಮಾನು 48,000, ರ್‍ಯಾಕ್‌ಗಳು 60,000. ಒಟ್ಟು 2,34,000. ಪುಸ್ತಕದಲ್ಲಿ ಇದ್ದದ್ದು 2,38,800. ವ್ಯತ್ಯಾಸ 4,800.

ಇಂಥ ವ್ಯತ್ಯಾಸ ಕಂಡಾಗ ಮೊದಲು 9ರಿಂದ ಭಾಗಿಸಿ ನೋಡುವುದು ಲೆಕ್ಕ ಬರೆಯುವವರ ಹಳೆಯ ರೂಢಿ. ಅಂಕಿಗಳು ಅದಲು ಬದಲಾಗಿದ್ದರೆ, ಅಂದರೆ 54 ಅನ್ನುವುದು 45 ಆಗಿದ್ದರೆ, ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 4,800 ಭಾಗವಾಗಲಿಲ್ಲ. ಹಾಗಾದರೆ ಅದಲು ಬದಲಲ್ಲ, ಏನೋ ಸೇರಿಕೊಂಡಿದೆ. ಬಿಲ್ ಸಾಲುಗಳಲ್ಲಿ ಹುಡುಕಿದಾಗ ಫ್ರಿಜ್‌ನ ನಿರ್ವಹಣೆ ಒಪ್ಪಂದ 4,000 ಮತ್ತು ದ್ರವದ 800 ಎದುರಿಗೇ ಇದ್ದವು. ಬಿಲ್‌ನ ಕೊನೆಯ ಮೊತ್ತ 94,800 ಹಾಗೆಯೇ ಫ್ರಿಜ್‌ನ ಬೆಲೆ ಅಂತ ಪುಸ್ತಕಕ್ಕೆ ಹೋಗಿತ್ತು.

ಇದು ನಿಜವೇ ಅಂತ ಸವಕಳಿಯಿಂದ ಪರೀಕ್ಷೆ ಮಾಡಲು ಬರುತ್ತದೆ. 4,800ನ್ನು 96ರಿಂದ ಭಾಗಿಸಿದರೆ ತಿಂಗಳಿಗೆ 50. 2023ರ ಕೊನೆಗೆ 21 ತಿಂಗಳು, ಅಂದರೆ 1,050. ನನ್ನ ಹಾಳೆಯಲ್ಲಿ ಆವರೆಗಿನ ಒಟ್ಟು ಸವಕಳಿ 78,375, ಪುಸ್ತಕದಲ್ಲಿ 79,425. ವ್ಯತ್ಯಾಸ ಸರಿಯಾಗಿ 1,050! ಎರಡು ಅಂಕಿಯೂ ಒಂದೇ ಕಾರಣವನ್ನು ತೋರಿಸಿದ ಮೇಲೆ ಅನುಮಾನ ಉಳಿಯಲಿಲ್ಲ. ಹಿಂದೆಯೂ 8 ವರ್ಷ, ಏಪ್ರಿಲ್‌ನಿಂದ ಅಂತಲೇ ಹಿಡಿದಿದ್ದರು ಅನ್ನುವುದೂ ಇದರಿಂದ ಗೊತ್ತಾಯಿತು.

ಸರಿಪಡಿಸುವುದು ಹೀಗೆ. ಬೆಲೆಯಿಂದ 4,800 ಕಳೆಯಬೇಕು, ಸವಕಳಿಯಿಂದ 1,050 ಕಳೆಯಬೇಕು. ಉಳಿದ 3,750 ಯಾವುದೋ ವರ್ಷದ ಲಾಭದಿಂದ ಕಡಿಮೆಯಾಗಬೇಕು. ಮೊತ್ತ ದೊಡ್ಡದಾಗಿದ್ದರೆ ಹಿಂದಿನ ವರ್ಷಗಳ ಅಂಕಿಗಳನ್ನೇ ತಿದ್ದಿ ತೋರಿಸಬೇಕಾಗುತ್ತದೆ. ಇದು ಅಂಗಡಿಯ ಒಟ್ಟು ಲೆಕ್ಕದಲ್ಲಿ ಸಣ್ಣದು. ಆಡಿಟರ್ ಒಪ್ಪಿಗೆ ಪಡೆದು ಈ ವರ್ಷದ ಖರ್ಚಿಗೇ ಹಾಕಿದೆವು.

ಎಕ್ಸ್‌ಚೇಂಜ್ ಬಿಲ್

ಇಡೀ ಕೆಲಸದಲ್ಲಿ ತುಂಬ ಎಚ್ಚರ ಬೇಕಾದ ಬಿಲ್ ಹೊಸ ಫ್ರೀಜರ್‌ದು. ತಾರೀಕು 2024ರ ಸೆಪ್ಟೆಂಬರ್ 10. ಹೊಸ ಫ್ರೀಜರ್ 42,000. ಕೆಳಗೆ "ಹಳೆ ಫ್ರೀಜರ್ ಎಕ್ಸ್‌ಚೇಂಜ್" ಅಂತ 12,000 ಕಳೆದಿದ್ದಾರೆ. ಕೊಡಬೇಕಾದದ್ದು 30,000. ಬ್ಯಾಂಕಿನಿಂದ ಹೋದದ್ದೂ 30,000.

ಬ್ಯಾಂಕ್ ಪುಸ್ತಕ ಹಿಡಿದು ಲೆಕ್ಕ ಬರೆದರೆ ಹೊಸ ಫ್ರೀಜರ್‌ನ ಬೆಲೆ 30,000 ಅಂತ ಹೋಗಿಬಿಡುತ್ತದೆ. ನೋಡಲು ಸರಿಯಾಗಿಯೇ ಇರುತ್ತದೆ, ಹಣವೂ ತಾಳೆಯಾಗುತ್ತದೆ. ಆದರೆ ಅಲ್ಲಿ ನಡೆದದ್ದು ಎರಡು ವ್ಯವಹಾರ. ಅಂಗಡಿ 42,000ಕ್ಕೆ ಹೊಸದು ಕೊಂಡಿತು, 12,000ಕ್ಕೆ ಹಳೆಯದು ಮಾರಿತು. ಎರಡೂ ಒಂದೇ ಕಾಗದದಲ್ಲಿವೆ. 30,000 ಅಂತ ಬರೆದರೆ ಹೊಸದರ ಬೆಲೆ 12,000 ಕಡಿಮೆಯಾಗಿ, ಮುಂದಿನ ಪ್ರತಿ ವರ್ಷದ ಸವಕಳಿಯೂ ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚಿನ ತೊಂದರೆ ಇನ್ನೊಂದು ಕಡೆ ಇದೆ. ಮಾರಾಟ ಅಂತ ಎಲ್ಲೂ ಕಾಣದ ಕಾರಣ ಹಳೆ ಫ್ರೀಜರ್ ಪುಸ್ತಕದಲ್ಲೇ ಉಳಿದು, ಅಂಗಡಿಯಲ್ಲಿ ಇಲ್ಲದ ವಸ್ತುವಿಗೆ ವರ್ಷ ವರ್ಷ ಸವಕಳಿ ಬೀಳುತ್ತಾ ಹೋಗುತ್ತದೆ.

ಒಂದು ಮಾತು ಪರೀಕ್ಷಿಸಬೇಕು. ಕೆಲವು ಕಡೆ ಹೊಸದರ ಬೆಲೆಯನ್ನೇ ಏರಿಸಿ, ಅಷ್ಟನ್ನು ಎಕ್ಸ್‌ಚೇಂಜ್ ಅಂತ ಇಳಿಸುತ್ತಾರೆ. ಹಳೆಯದು ಕೊಡದೆ ಕೊಂಡರೆ ಎಷ್ಟು ಅಂತ ಅಕ್ಕ ಖರೀದಿಗೆ ಮುಂಚೆಯೇ ಕೇಳಿದ್ದಳು, ಆಗಲೂ 42,000 ಅಂದಿದ್ದರಂತೆ. ಹಾಗಾಗಿ ಬಿಲ್‌ನ ಎರಡೂ ಅಂಕಿಗಳನ್ನು ನಂಬಬಹುದಿತ್ತು. 38,000 ಅಂದಿದ್ದರೆ ಹೊಸದರ ಬೆಲೆ 38,000, ಹಳೆಯದಕ್ಕೆ ಸಿಕ್ಕಿದ್ದು 8,000 ಅಂತ ಬರೆಯಬೇಕಾಗುತ್ತಿತ್ತು.

ಈಗ ಹಳೆಯದರ ಲೆಕ್ಕ. 36,000ಕ್ಕೆ ಕೊಂಡದ್ದು, 2021ರ ಜನವರಿಯಲ್ಲಿ ಸಿದ್ಧ. 6 ವರ್ಷ ಬಾಳಿಕೆ, ಉಳಿಕೆ ಬೆಲೆ ಇಲ್ಲ. ತಿಂಗಳಿಗೆ 500. ಕೈಬಿಟ್ಟ ತಿಂಗಳು ಎಣಿಸುವುದಿಲ್ಲವಾದ್ದರಿಂದ 2024ರ ಆಗಸ್ಟ್‌ವರೆಗೆ 44 ತಿಂಗಳು, ಸವಕಳಿ 22,000. ಅದರಲ್ಲಿ ಈ ವರ್ಷದ ಪಾಲು 8 ತಿಂಗಳ 4,000. ಪುಸ್ತಕ ಮೌಲ್ಯ 14,000. ಸಿಕ್ಕಿದ್ದು 12,000. ನಷ್ಟ 2,000.

ನಷ್ಟ ಅಂದ ಕೂಡಲೇ ಅಕ್ಕನಿಗೆ ಬೇಸರವಾಯಿತು. "ಒಳ್ಳೆ ಬೆಲೆಗೇ ಕೊಟ್ಟೆ ಅಂದ್ಕೊಂಡಿದ್ದೆ," ಅಂದಳು. ವ್ಯಾಪಾರದಲ್ಲಿ ಅವಳು ಸೋತಿರಲಿಲ್ಲ. ಆರು ವರ್ಷ ಬರುತ್ತದೆ ಅಂತ ಹಿಡಿದದ್ದನ್ನು ಮುಂಚೆಯೇ ಕೊಟ್ಟಿದ್ದರಿಂದ, ಇದುವರೆಗೆ ಬರೆದ ಸವಕಳಿ 2,000ದಷ್ಟು ಕಡಿಮೆಯಾಗಿತ್ತು. ಅದನ್ನು ಈಗ ಒಟ್ಟಿಗೆ ಬರೆಯುತ್ತಿದ್ದೇವೆ, ಅಷ್ಟೆ. 15,000 ಸಿಕ್ಕಿದ್ದರೆ 1,000 ಲಾಭ ಅಂತ ಬರುತ್ತಿತ್ತು.

ಹೊಸದಕ್ಕೆ 7 ವರ್ಷ ಹಿಡಿದೆವು, ಉಳಿಕೆ ಬೆಲೆ ಇಲ್ಲ. 42,000 ಭಾಗಿಸು 84, ತಿಂಗಳಿಗೆ 500. ಅಂಗಡಿಗೆ ಬಂದ ವಾರದಲ್ಲೇ ಓಡಿದ್ದರಿಂದ ಸೆಪ್ಟೆಂಬರ್‌ನಿಂದ 4 ತಿಂಗಳು, 2,000. ಪುಸ್ತಕ ಮೌಲ್ಯ 40,000.

ಒಂದೇ ಬಿಲ್, ಬೇರೆ ಬೇರೆ ಆಯಸ್ಸು

ಬಿಲ್ಲಿಂಗ್ ಸಾಮಾನು 48,000 ಅಂತ ಒಂದೇ ಬಿಲ್‌ನಲ್ಲಿ ಬಂದಿತ್ತು. 2022ರ ಜನವರಿಯಿಂದ ಬಳಕೆ, 4 ವರ್ಷ. ಅದರಲ್ಲಿ ಕಂಪ್ಯೂಟರ್ 30,000, ಪ್ರಿಂಟರ್ ಮತ್ತು ಸ್ಕ್ಯಾನರ್ ಸೇರಿ 18,000. ಮೂರನ್ನೂ ಒಂದೇ ಸಾಲಲ್ಲಿ ಇಡುವ ಮನಸ್ಸಾಗುತ್ತದೆ. ನಾನು ಕಂಪ್ಯೂಟರನ್ನು ಬೇರೆ ಸಾಲಿಗೆ ಹಾಕಿದೆ. ಯಾಕೆ ಅಂದರೆ 2024ರ ಶುರುವಿನಲ್ಲೇ ಸಾಫ್ಟ್‌ವೇರ್ ಕೊಟ್ಟವರು ಒಂದು ಸುದ್ದಿ ಹೇಳಿದ್ದರು. 2025ರ ಆಗಸ್ಟ್ ಕಳೆದ ಮೇಲೆ ಅವರ ಪ್ರೋಗ್ರಾಂ ಈ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಪ್ರಿಂಟರ್, ಸ್ಕ್ಯಾನರ್‌ಗೆ ಅದರಿಂದ ಏನೂ ಆಗದು.

ಕಂಪ್ಯೂಟರಿನ ಮೇಲೆ 2023ರ ಕೊನೆಗೆ 24 ತಿಂಗಳು ಕಳೆದಿತ್ತು. ತಿಂಗಳಿಗೆ 625ರಂತೆ 15,000 ಸವಕಳಿ, ಉಳಿದದ್ದು 15,000. ಮೊದಲಿನ ಅಂದಾಜಿನಂತೆ ಇನ್ನೂ 24 ತಿಂಗಳು ಇತ್ತು. ಈಗ 20 ತಿಂಗಳು ಮಾತ್ರ. ಹಿಂದಿನ ವರ್ಷಗಳನ್ನು ಮುಟ್ಟುವ ಹಾಗಿಲ್ಲ. ಆಗ ಗೊತ್ತಿದ್ದದ್ದರ ಮೇಲೆ ಆಗಿನ ಅಂದಾಜು ಸರಿಯಾಗಿಯೇ ಇತ್ತು. ಉಳಿದ 15,000ವನ್ನು ಉಳಿದ 20 ತಿಂಗಳಿಗೆ ಹಂಚಬೇಕು. ತಿಂಗಳಿಗೆ 750, 2024ಕ್ಕೆ 9,000, ವರ್ಷದ ಕೊನೆಗೆ 6,000. ಫ್ರಿಜ್ ಬಿಲ್‌ನಲ್ಲಿ ಕಂಡದ್ದು ತಪ್ಪು, ಇದು ಅಂದಾಜಿನ ಬದಲಾವಣೆ. ತಪ್ಪು ದೊಡ್ಡದಾದರೆ ಹಿಂದಕ್ಕೆ ಹೋಗಿ ತಿದ್ದುತ್ತೇವೆ, ಅಂದಾಜನ್ನು ಇಲ್ಲಿಂದ ಮುಂದಕ್ಕೆ ಮಾತ್ರ ಬದಲಿಸುತ್ತೇವೆ. ಈ ಸಾಲಿಗೆ ಮೇಲಿನ ಸೂತ್ರ ನಡೆಯುವುದಿಲ್ಲ. ಆವರೆಗಿನ ಸವಕಳಿಯನ್ನು ಅಂಕಿಯಾಗಿಯೇ ಇಟ್ಟು, ಅಲ್ಲಿಂದ ಹೊಸದಾಗಿ ಎಣಿಸಬೇಕು.

ಪ್ರಿಂಟರ್ ಮತ್ತು ಸ್ಕ್ಯಾನರ್ ಹಳೆಯ ದಾರಿಯಲ್ಲೇ. ವರ್ಷಕ್ಕೆ 4,500, ಉಳಿದದ್ದು 4,500.

ಅಂಗಡಿಯೊಳಗೆ ಎಣಿಕೆ

ಬಿಲ್ ನೋಡಿದರೆ ಏನು ಕೊಂಡಿದ್ದೆವು ಅಂತ ತಿಳಿಯುತ್ತದೆ. ಈಗ ಏನಿದೆ ಅಂತ ತಿಳಿಯಲು ಅಂಗಡಿಯಲ್ಲಿ ನಡೆದಾಡಬೇಕು. ರಿಜಿಸ್ಟರ್ ಹಿಡಿದು ಒಂದೊಂದನ್ನೇ ಗುರುತು ಹಾಕುತ್ತಾ ಹೋದೆ. ರ್‍ಯಾಕ್‌ಗಳ ಬಿಲ್‌ನಲ್ಲಿ 20 ಇತ್ತು, ಒಂದಕ್ಕೆ 3,000. ಅಂಗಡಿಯಲ್ಲಿ ಇದ್ದದ್ದು 18. ಎರಡು ಬಾಗಿಹೋಗಿದ್ದವು, ಗುಜರಿಗೆ ಹಾಕಿದ್ದಾರೆ, ಹಣವೇನೂ ಬಂದಿಲ್ಲ. ಯಾವಾಗ ಅಂತ ಯಾರಿಗೂ ನೆನಪಿಲ್ಲ.

3,000 ಅನ್ನುವುದು ಸಣ್ಣ ಮೊತ್ತ. ಅಂಥದ್ದನ್ನು ಅನೇಕ ಅಂಗಡಿಗಳು ನೇರವಾಗಿ ಖರ್ಚಿಗೇ ಹಾಕುತ್ತವೆ. ಆದರೆ ಒಂದೇ ಸಲ 20 ಕೊಂಡರೆ ಅದು 60,000ದ ಉಪಕರಣ. ಅದಕ್ಕೆ ಒಂದು ಗುಂಪಾಗಿ ಇಡುವುದು ಸರಿ. ಗುಂಪಾಗಿ ಇಟ್ಟಾಗ ಸಂಖ್ಯೆಯನ್ನೂ ಬರೆದಿಡಬೇಕು, ಇಲ್ಲದಿದ್ದರೆ ಹೀಗೆ ಎರಡು ಹೋದದ್ದು ತಿಳಿಯುವುದೇ ಇಲ್ಲ.

10 ವರ್ಷ ಬಾಳಿಕೆ, ಒಂದು ರ್‍ಯಾಕ್‌ಗೆ ತಿಂಗಳಿಗೆ 25. 2021ರ ಜನವರಿಯಿಂದ 2023ರ ಕೊನೆಗೆ 36 ತಿಂಗಳು, ತಲಾ 900. ಹೋದ ತಾರೀಕು ಗೊತ್ತಿಲ್ಲದ್ದರಿಂದ ಈ ವರ್ಷದ ಮೊದಲ ದಿನಕ್ಕೆ ತೆಗೆದೆ. ಎರಡರ ಬೆಲೆ 6,000, ಸವಕಳಿ 1,800, ಉಳಿದ 4,200 ಈ ವರ್ಷದ ಖರ್ಚಿಗೆ. ಉಳಿದ 18ಕ್ಕೆ ಈ ವರ್ಷದ ಸವಕಳಿ 5,400.

ಆರಂಭದಿಂದ ಅಂತ್ಯಕ್ಕೆ

ಕೊನೆಯಲ್ಲಿ ಬೆಲೆ ಕೂಡಿಸಿದಾಗ 2,34,000 ಬಂತು. ಸರಿಪಡಿಸಿದ ಆರಂಭದ ಅಂಕಿಯೂ 2,34,000 ಆಗಿತ್ತು! ಎರಡನ್ನು ಮಾತ್ರ ನೋಡಿದವರಿಗೆ ಈ ವರ್ಷ ಏನೂ ನಡೆದಿಲ್ಲ ಅನಿಸುತ್ತದೆ. ನಿಜಕ್ಕೂ 42,000 ಬಂದಿದೆ, 36,000ದ ಫ್ರೀಜರ್ ಮತ್ತು 6,000ದ ರ್‍ಯಾಕ್ ಹೋಗಿವೆ. ಅದಕ್ಕೇ ನಡುವಿನ ಚಲನೆಯನ್ನು ಸಾಲು ಸಾಲಾಗಿ ತೋರಿಸಬೇಕು.

| | ಮೂಲ ಬೆಲೆ | ಸವಕಳಿ | ಪುಸ್ತಕ ಮೌಲ್ಯ |
|---|---|---|---|
| ಆರಂಭ, ಸರಿಪಡಿಸಿದ ಮೇಲೆ | 2,34,000 | 78,375 | 1,55,625 |
| ಹೊಸ ಖರೀದಿ | 42,000 | – | 42,000 |
| ಕೈಬಿಟ್ಟದ್ದು | −42,000 | −23,800 | −18,200 |
| 2024ರ ಸವಕಳಿ | – | 35,400 | −35,400 |
| ಅಂತ್ಯ | 2,34,000 | 89,975 | 1,44,025 |

ಈ 1,44,025 ಮೇಲಿನಿಂದ ಕೆಳಗೆ ಬಂದ ಅಂಕಿ. ವಸ್ತುಗಳ ಕಡೆಯಿಂದ ಬೇರೆಯಾಗಿ ಕೂಡಿಸಿದೆ. ಫ್ರಿಜ್ 61,125, ಫ್ರೀಜರ್ 40,000, ಕಂಪ್ಯೂಟರ್ 6,000, ಪ್ರಿಂಟರ್ ಮತ್ತು ಸ್ಕ್ಯಾನರ್ 4,500, ರ್‍ಯಾಕ್ 32,400. ಅದೂ 1,44,025. ಎರಡು ದಾರಿಯಲ್ಲಿ ಒಂದೇ ಮೊತ್ತ ಬಂದಾಗಲೇ ನಾನು ಹಾಳೆಯನ್ನು ಆಡಿಟರ್‌ಗೆ ಕಳಿಸಿದ್ದು. ಬರದಿದ್ದರೆ ಹೆಚ್ಚಾಗಿ ತಪ್ಪು ಇರುವುದು ಕೈಬಿಟ್ಟ ಸಾಲಿನಲ್ಲಿ. ಬೆಲೆ ತೆಗೆದು ಅದರ ಸವಕಳಿ ತೆಗೆಯಲು ಮರೆತಿರುತ್ತಾರೆ, ಆಗ ವ್ಯತ್ಯಾಸ ಆ ಸವಕಳಿಯಷ್ಟೇ ಇರುತ್ತದೆ.

ಮುಂದಿನ ವರ್ಷಕ್ಕೆ ರಿಜಿಸ್ಟರ್‌ನಲ್ಲಿ ಒಂದು ಟಿಪ್ಪಣಿ ಬಿಟ್ಟಿದ್ದೇನೆ. ಕಂಪ್ಯೂಟರ್ 2025ರ ಆಗಸ್ಟ್‌ಗೆ ಸೊನ್ನೆಗೆ ಬರುತ್ತದೆ. ಆಮೇಲೂ ಅಕ್ಕ ಅದನ್ನು ಇನ್ಯಾವುದಕ್ಕಾದರೂ ಇಟ್ಟುಕೊಂಡರೆ 30,000 ಬೆಲೆ, 30,000 ಸವಕಳಿ ಅಂತ ಎರಡೂ ಸಾಲಿನಲ್ಲಿ ಹಾಗೆಯೇ ಇರುತ್ತವೆ, ಹೊಸ ಸವಕಳಿ ಬೀಳುವುದಿಲ್ಲ. ಅಂಗಡಿಯಿಂದ ಹೊರಗೆ ಹೋದ ದಿನ ಎರಡನ್ನೂ ಒಟ್ಟಿಗೆ ತೆಗೆಯಬೇಕು.